ಲೀಟರಿಗೆ ಎರಡು ಪೈಸೆ

"ಸಂಪಾದಕರೇ, ಕೇಂದ್ರದ ತೆರಿಗೆಯಲ್ಲಿ ನೂರಕ್ಕೆ 41 ರೂಪಾಯಿ ರಾಜ್ಯಗಳಿಗೇ ಬರುತ್ತೆ ಅಂತಾರೆ. ಹಾಗಾದ್ರೆ ನಾನು ಬೈಕಿಗೆ ಹಾಕಿಸೋ ಪೆಟ್ರೋಲಿನ ತೆರಿಗೆಯಲ್ಲಿ ಕರ್ನಾಟಕಕ್ಕೆ ಎಷ್ಟು ಸಿಗುತ್ತೆ? ಲೆಕ್ಕ ಬಿಡಿಸಿ ಹೇಳಿ."
– ಮದ್ದೂರಿನ ಓದುಗರೊಬ್ಬರು

ಪ್ರಿಯ ಓದುಗರೇ,

2021ರ ಮೇ ತಿಂಗಳ ದರ ಇಟ್ಟುಕೊಂಡು ಲೆಕ್ಕ ಹಾಕೋಣ. ಆಗ ಒಂದು ಲೀಟರ್ ಸಾದಾ ಪೆಟ್ರೋಲಿನ ಮೇಲೆ ಕೇಂದ್ರ ಹಾಕುತ್ತಿದ್ದ ಸುಂಕ 32 ರೂಪಾಯಿ 90 ಪೈಸೆ. ಅದರಲ್ಲಿ ಕರ್ನಾಟಕದ ಪಾಲು ಸುಮಾರು ಎರಡು ಪೈಸೆ. ಅಚ್ಚಿನ ತಪ್ಪಲ್ಲ, ಎರಡೇ ಪೈಸೆ.

ಆ 32.90 ಒಂದೇ ತೆರಿಗೆ ಅಲ್ಲ, ನಾಲ್ಕು ತುಂಡು. ಮೂಲ ಅಬಕಾರಿ ಸುಂಕ 1 ರೂಪಾಯಿ 40 ಪೈಸೆ. ಸರ್‌ಚಾರ್ಜ್ ಲೆಕ್ಕಕ್ಕೆ ಸೇರುವ ವಿಶೇಷ ಹೆಚ್ಚುವರಿ ಸುಂಕ 11 ರೂಪಾಯಿ. ರಸ್ತೆ ಮತ್ತು ಮೂಲಸೌಕರ್ಯ ಸೆಸ್ 18 ರೂಪಾಯಿ. ಕೃಷಿ ಮೂಲಸೌಕರ್ಯ ಸೆಸ್ ಎರಡೂವರೆ ರೂಪಾಯಿ. ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ್ದು ಮೊದಲನೆಯದು ಮಾತ್ರ. 1.40ರಲ್ಲಿ ಶೇ. 41 ಅಂದರೆ 57 ಪೈಸೆ. ಅದು ಎಲ್ಲ ರಾಜ್ಯಗಳಿಗೂ ಸೇರಿ. ಅದರಲ್ಲಿ ಆಗ ನಮ್ಮ ಪಾಲು ಶೇ. 3.647 ಇತ್ತು. ಗುಣಿಸಿ ನೋಡಿ, ಎರಡು ಪೈಸೆ ಚಿಲ್ಲರೆ ಬರುತ್ತೆ. (ರಾಜ್ಯ ಸರ್ಕಾರ ಪೆಟ್ರೋಲಿನ ಮೇಲೆ ತನ್ನದೇ ಮಾರಾಟ ತೆರಿಗೆ ಹಾಕುತ್ತೆ. ಅದು ಕಡಿಮೆ ಮೊತ್ತವೇನಲ್ಲ, ಪೂರ್ತಿ ರಾಜ್ಯಕ್ಕೇ ಸೇರುತ್ತೆ. ಇಲ್ಲಿ ನಾವು ನೋಡುತ್ತಿರುವುದು ಕೇಂದ್ರದ ಸುಂಕ ಮಾತ್ರ.)

ಇದು ಕಾನೂನು ಮೀರಿ ಆಗಿದ್ದಲ್ಲ. ಸಂವಿಧಾನದ 270ನೇ ವಿಧಿ ಕೇಂದ್ರದ ತೆರಿಗೆಗಳನ್ನು ಹಂಚಬೇಕು ಅನ್ನುತ್ತೆ, ಆದರೆ ಸೆಸ್ ಮತ್ತು ಸರ್‌ಚಾರ್ಜನ್ನು ಆ ಹಂಚಿಕೆಯಿಂದ ಹೊರಗಿಡುತ್ತೆ. ರಾಜ್ಯಗಳ ಪಾಲನ್ನು ಶಿಫಾರಸು ಮಾಡುವ ಹಣಕಾಸು ಆಯೋಗ 41 ಅನ್ನಲಿ, 42 ಅನ್ನಲಿ, ಅದು ಹಂಚುವ ಗಂಟಿಗೆ ಬಿದ್ದ ಹಣಕ್ಕೆ ಮಾತ್ರ ಅನ್ವಯ. ನಿಮ್ಮ ಕಡೆ ನಾಲೆ ನೀರು ಹಂಚುವುದನ್ನು ನೋಡಿದ್ದೀರಿ ಅಲ್ವಾ? ನಾಲೆಗೆ ಬಿಟ್ಟ ನೀರಿನಲ್ಲಿ ಪಾಲು ಕೇಳಬಹುದು, ಕಟ್ಟೆಯಲ್ಲೇ ಉಳಿದ ನೀರಿಗೆ ಪಾಲಿಲ್ಲ.

ಗಂಟಿಗೆ ಎಷ್ಟು ಬೀಳಬೇಕು ಅನ್ನುವುದನ್ನು ತೀರ್ಮಾನಿಸುವುದು ಕೇಂದ್ರವೇ. ನನ್ನ ಆಕ್ಷೇಪ ಇರುವುದು ಇಲ್ಲಿ. 2018ರ ಬಜೆಟ್ ನೋಡಿ. ಆಗ ಪೆಟ್ರೋಲಿನ ಮೂಲ ಸುಂಕವನ್ನು ಎರಡು ರೂಪಾಯಿ ಇಳಿಸಿದರು. ರಸ್ತೆಗೆಂದು ಇದ್ದ ಆರು ರೂಪಾಯಿ ಸುಂಕ ತೆಗೆದು, ಎಂಟು ರೂಪಾಯಿಯ ಹೊಸ ಸೆಸ್ ಹಾಕಿದರು. ಬಂಕಿನಲ್ಲಿ ನೀವು ಕೊಡುವ ದುಡ್ಡು ಇದರಿಂದ ಒಂದು ಪೈಸೆಯೂ ಬದಲಾಗಲಿಲ್ಲ. ಆದರೆ ರಾಜ್ಯಗಳು ಪಾಲು ಕೇಳಬಹುದಾಗಿದ್ದ ಎರಡು ರೂಪಾಯಿ ಕೇಂದ್ರದ ಜೇಬಿಗೆ ಹೋಯಿತು. ಗ್ರಾಹಕನಿಗೆ ಗೊತ್ತೇ ಆಗದ ಬದಲಾವಣೆ ಇದು. ಒಂದು ಮಾತು ಸೇರಿಸಲೇಬೇಕು. 2021ರ ನವೆಂಬರಿನಲ್ಲಿ ಐದು ರೂಪಾಯಿ, 2022ರ ಮೇನಲ್ಲಿ ಎಂಟು ರೂಪಾಯಿ ಇಳಿಸಿದಾಗ ಕೇಂದ್ರ ಕಡಿತ ಮಾಡಿದ್ದು ರಸ್ತೆ ಸೆಸ್‌ನಲ್ಲೇ. ಹಾಗಾಗಿ ಆ ಇಳಿಕೆಯಿಂದ ರಾಜ್ಯಗಳ ಹಂಚಿಕೆ ಪಾಲು ಕಡಿಮೆಯಾಗಲಿಲ್ಲ.

ಎಲ್ಲ ತೆರಿಗೆಯೂ ಪೆಟ್ರೋಲಿನಷ್ಟು ಕೆಟ್ಟದಾಗಿಲ್ಲ. ಆದಾಯ ತೆರಿಗೆಯಲ್ಲಿ, ಕೇಂದ್ರದ ಪಾಲಿನ ಜಿಎಸ್‌ಟಿಯಲ್ಲಿ ಬಹುಪಾಲು ಗಂಟಿಗೆ ಬೀಳುತ್ತೆ. ಒಟ್ಟು ಲೆಕ್ಕ ಬೇಕಿದ್ದರೆ ಕೇಂದ್ರ ಬಜೆಟ್ ಪುಸ್ತಕದಲ್ಲಿ ಎರಡು ಸಾಲು ಹುಡುಕಿ: ಒಟ್ಟು ತೆರಿಗೆ ಆದಾಯ, ರಾಜ್ಯಗಳ ಪಾಲು. 2022-23ರಲ್ಲಿ ಮೊದಲನೆಯದು ಸುಮಾರು 30.5 ಲಕ್ಷ ಕೋಟಿ, ಎರಡನೆಯದು ಸುಮಾರು 9.5 ಲಕ್ಷ ಕೋಟಿ. ಅಂದರೆ ನೂರಕ್ಕೆ 31 ರೂಪಾಯಿ.

ಇನ್ನು 15ನೇ ಹಣಕಾಸು ಆಯೋಗ ನಮಗೆ ಹೇಳಿದ್ದ ಆ 3.647. 14ನೇ ಆಯೋಗದ ಕಾಲದಲ್ಲಿ ಅದು 4.713 ಇತ್ತು. 15ನೇ ಆಯೋಗ ಹೆಚ್ಚು ತೂಕ ಕೊಟ್ಟಿದ್ದು, ನೂರಕ್ಕೆ 45ರಷ್ಟು, ಆದಾಯದ ಅಂತರಕ್ಕೆ. ತಲಾ ಆದಾಯ ಹೆಚ್ಚಿರುವ ರಾಜ್ಯಗಳಿಂದ ನಿಮ್ಮ ರಾಜ್ಯ ಎಷ್ಟು ಹಿಂದಿದೆಯೋ ಅಷ್ಟು ಜಾಸ್ತಿ ಪಾಲು. ಬಡ ರಾಜ್ಯಕ್ಕೆ ಹೆಚ್ಚು ಕೊಡುವುದು ನನಗೆ ಸರಿಯೆನಿಸುತ್ತೆ. ಬಿಹಾರದ ಮಗುವಿಗೂ ಶಾಲೆ ಬೇಕು. ಆದರೆ ಆಯೋಗ ನೋಡುವುದು ರಾಜ್ಯದ ಸರಾಸರಿಯನ್ನು. ಆ ಸರಾಸರಿಯನ್ನು ಮೇಲಕ್ಕೆ ಎಳೆಯುವುದು ಬೆಂಗಳೂರು. ಮದ್ದೂರಿನ ಕಬ್ಬಿನ ರೈತ, ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ ಇಬ್ಬರೂ ಆ ಸೂತ್ರದಲ್ಲಿ ಒಂದೇ ಅಂಕಿ.

ದೆಹಲಿಯ ಸೂತ್ರ ಜಿಲ್ಲೆಗಳನ್ನು ನೋಡುವುದಿಲ್ಲ. ಬಂದ ಹಣದಲ್ಲಿ ಮಂಡ್ಯಕ್ಕೆ ಎಷ್ಟು ಅನ್ನುವುದು ರಾಜ್ಯ ಬಜೆಟ್ಟಿನ ಕೆಲಸ. ಪಂಚಾಯಿತಿ, ಪುರಸಭೆಗಳ ಪಾಲನ್ನು ಶಿಫಾರಸು ಮಾಡಲು ರಾಜ್ಯಕ್ಕೂ ಪ್ರತ್ಯೇಕ ಹಣಕಾಸು ಆಯೋಗ ಇದೆ. ಆ ಪ್ರಶ್ನೆಯನ್ನು ವಿಧಾನಸೌಧಕ್ಕೆ ಬರೆದು ಕೇಳಿ.

– ಸಂಪಾದಕ