12% ಬಡ್ಡಿ ಅಂದರು, ಆದರೆ ಯಾವ 12%?

ಪ್ರಶ್ನೆ: ಸರ್, ಲೋನ್ ತಗೋಬೇಕು ಅಂತಿದ್ದೀನಿ. ತಿಂಗಳಿಗೆ ಕಂತು ಎಷ್ಟು ಬರುತ್ತೆ? ಸ್ವಲ್ಪ ಲೆಕ್ಕ ಹಾಕಿ ಹೇಳ್ತೀರಾ?

ಉತ್ತರ: ಹೇಳಬಹುದಿತ್ತು, ಆದರೆ ಲೆಕ್ಕಕ್ಕೆ ಬೇಕಾದ ಒಂದು ಸಂಖ್ಯೆಯೂ ನಿಮ್ಮ ಪತ್ರದಲ್ಲಿಲ್ಲ. ಸಾಲ ಎಷ್ಟು, ಬಡ್ಡಿ ದರ ಎಷ್ಟು, ಎಷ್ಟು ತಿಂಗಳಲ್ಲಿ ತೀರಿಸುತ್ತೀರಿ, ಬಡ್ಡಿಯನ್ನು ಫ್ಲಾಟ್ ಲೆಕ್ಕದಲ್ಲಿ ಹಾಕುತ್ತಾರಾ ರೆಡ್ಯೂಸಿಂಗ್ ಲೆಕ್ಕದಲ್ಲಾ? ಈ ನಾಲ್ಕೂ ಗೊತ್ತಾಗದೆ ನಾನು ಯಾವ ಮೊತ್ತ ಹೇಳಿದರೂ ಅದು ಊಹೆಯೇ. ಮೊದಲ ಮೂರನ್ನು ಸಾಲ ಕೊಡುವವರು ಕೇಳದೆಯೇ ಹೇಳುತ್ತಾರೆ. ನಾಲ್ಕನೆಯದನ್ನು ನೀವೇ ಕೇಳಬೇಕು. ಜಾಸ್ತಿ ದುಡ್ಡು ಹೋಗುವುದೂ ಅಲ್ಲೇ. ಹಾಗಾಗಿ ಒಂದು ಸಾಲ ಇಟ್ಟುಕೊಂಡು ಅದನ್ನೇ ಬಿಡಿಸಿ ಹೇಳುತ್ತೇನೆ.

ಸಾಲ 1,00,000 ರೂಪಾಯಿ, ದರ ವರ್ಷಕ್ಕೆ 12%, ಅವಧಿ 36 ತಿಂಗಳು ಅಂದುಕೊಳ್ಳೋಣ.

ಫ್ಲಾಟ್ ಲೆಕ್ಕ ಬಾಯಲ್ಲೇ ಆಗುತ್ತದೆ. ಲಕ್ಷಕ್ಕೆ ವರ್ಷಕ್ಕೆ 12,000 ಬಡ್ಡಿ, ಮೂರು ವರ್ಷಕ್ಕೆ 36,000. ಅಸಲು ಸೇರಿಸಿದರೆ 1,36,000. ಅದನ್ನು 36ರಿಂದ ಭಾಗಿಸಿದರೆ ಕಂತು 3,778. ಸುಲಭವಾಗಿದೆ ಅಲ್ವಾ? ಆದರೆ ಇಲ್ಲಿ ಒಂದು ವಿಷಯ ಗಮನಿಸಿ. ನೀವು ಪ್ರತಿ ತಿಂಗಳೂ ಅಸಲಿನಲ್ಲಿ ಸ್ವಲ್ಪ ತೀರಿಸುತ್ತಲೇ ಇದ್ದೀರಿ, ಆದರೂ ಬಡ್ಡಿ ಮಾತ್ರ ಕೊನೆಯವರೆಗೂ ಪೂರ್ತಿ ಲಕ್ಷದ ಮೇಲೆಯೇ ಬೀಳುತ್ತದೆ. ಕೊನೆಯ ತಿಂಗಳು ನಿಮ್ಮ ಹತ್ತಿರ ಉಳಿದಿರುವ ಅಸಲು 2,778 ರೂಪಾಯಿ. ಅದಕ್ಕೆ ಆ ಒಂದು ತಿಂಗಳು ನೀವು ಕೊಡುವ ಬಡ್ಡಿ 1,000 ರೂಪಾಯಿ!

ರೆಡ್ಯೂಸಿಂಗ್ ಲೆಕ್ಕದಲ್ಲಿ ಬಾಕಿ ಎಷ್ಟಿದೆಯೋ ಅಷ್ಟಕ್ಕೇ ಬಡ್ಡಿ. ಅದೇ ಲಕ್ಷ, ಅದೇ 12%, ಅದೇ 36 ತಿಂಗಳು. ಕಂತು 3,321 ಬರುತ್ತದೆ. ಮೊದಲ ತಿಂಗಳು ಬಾಕಿ ಪೂರ್ತಿ ಲಕ್ಷ, ಆದ್ದರಿಂದ ಬಡ್ಡಿ 1,000. ಕಂತಿನಲ್ಲಿ ಉಳಿದ 2,321 ಅಸಲಿಗೆ ಹೋಗಿ ಬಾಕಿ 97,679ಕ್ಕೆ ಇಳಿಯುತ್ತದೆ. ಎರಡನೇ ತಿಂಗಳ ಬಡ್ಡಿ ಇದರ ಮೇಲೆ, ಅಂದರೆ 977. ಹೀಗೆ ಕಂತು ಬದಲಾಗದೆ ಅದರೊಳಗಿನ ಬಡ್ಡಿ ಕರಗುತ್ತಾ ಹೋಗುತ್ತದೆ. ಕೊನೆಯ ಕಂತಿನಲ್ಲಿ ಬಡ್ಡಿ ಬರೀ 33 ರೂಪಾಯಿ. ಮೂರು ವರ್ಷಕ್ಕೆ ಕಟ್ಟುವ ಒಟ್ಟು ಬಡ್ಡಿ ಸುಮಾರು 19,570.

ಒಂದು ಕಡೆ 36,000, ಇನ್ನೊಂದು ಕಡೆ 19,570. ಎರಡಕ್ಕೂ ಹೆಸರು 12%. ತಿಂಗಳ ಕಂತನ್ನು ಮಾತ್ರ ನೋಡಿದವರಿಗೆ 457 ರೂಪಾಯಿ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಫ್ಲಾಟ್ ದರ ಹೇಳುವವರಿಗೆ ಅನುಕೂಲ ಇರುವುದೂ ಅಲ್ಲಿಯೇ.

ಈ 12% ಫ್ಲಾಟ್ ಸಾಲವನ್ನು ರೆಡ್ಯೂಸಿಂಗ್ ದರಕ್ಕೆ ತಿರುಗಿಸಿದರೆ ಸುಮಾರು 21.2% ಆಗುತ್ತದೆ. ಒಂದರಿಂದ ಐದು ವರ್ಷದ ಸಾಲಗಳಲ್ಲಿ, ಇಂಥ ದರಗಳಿಗೆ, ಫ್ಲಾಟ್ ದರದ 1.7ರಿಂದ 1.8 ಪಟ್ಟು ಅಂತ ಇಟ್ಟುಕೊಂಡರೆ ಅಂದಾಜು ಸಿಗುತ್ತದೆ. ಹಾಗಾಗಿ ಒಬ್ಬರು 12% ಫ್ಲಾಟ್ ಅಂದು, ಇನ್ನೊಬ್ಬರು 18% ರೆಡ್ಯೂಸಿಂಗ್ ಅಂದರೆ, 18% ಅಂದವರ ಸಾಲವೇ ಅಗ್ಗ. ನಮ್ಮ ಲಕ್ಷಕ್ಕೆ ಅವರ ಕಂತು 3,615, ಫ್ಲಾಟ್‌ನವರದು 3,778. ಬರೀ ದರದ ಸಂಖ್ಯೆ ಹೋಲಿಸಿ ಸಾಲ ತೆಗೆದುಕೊಂಡವರು ಇಲ್ಲೇ ಮೋಸ ಹೋಗುವುದು.

ಅವಧಿಯ ವಿಚಾರದಲ್ಲಿ ಜಾಸ್ತಿ ಹೇಳುವುದಿಲ್ಲ. ಅವಧಿ ಉದ್ದವಾದಷ್ಟೂ ಕಂತು ಇಳಿಯುತ್ತದೆ, ಒಟ್ಟು ಬಡ್ಡಿ ಏರುತ್ತದೆ, ಇದು ಎಲ್ಲರಿಗೂ ಗೊತ್ತಿರುವುದೇ. ಒಂದು ಮಾತ್ರ ಸೇರಿಸುತ್ತೇನೆ. ಅದೇ ಸಾಲವನ್ನು 12% ರೆಡ್ಯೂಸಿಂಗ್‌ನಲ್ಲಿ ಐದು ವರ್ಷಕ್ಕೆ ಎಳೆದರೂ ಒಟ್ಟು ಬಡ್ಡಿ ಸುಮಾರು 33,470. ಫ್ಲಾಟ್‌ನಲ್ಲಿ ಮೂರೇ ವರ್ಷಕ್ಕೆ ಆಗುವ 36,000ಕ್ಕಿಂತ ಇದು ಕಡಿಮೆ.

ಈಗ, ಯಾವ ಲೆಕ್ಕ ಅಂತ ಅವರು ಬಾಯಿ ಬಿಡದಿದ್ದರೆ ಏನು ಮಾಡುವುದು? ಕಂತು ಎಷ್ಟು ಅಂತ ಅಂತೂ ಹೇಳಲೇಬೇಕಲ್ಲ, ಅದರಿಂದಲೇ ಹಿಡಿಯಬಹುದು. ಕಂತನ್ನು ತಿಂಗಳುಗಳಿಂದ ಗುಣಿಸಿ, ಅಸಲು ಕಳೆಯಿರಿ. ಉಳಿದದ್ದು ಒಟ್ಟು ಬಡ್ಡಿ. ಅದನ್ನು ವರ್ಷಗಳಿಂದ ಭಾಗಿಸಿ, ಅಸಲಿಗೆ ಅದು ಶೇಕಡ ಎಷ್ಟು ಅಂತ ನೋಡಿ. ಅವರು ಹೇಳಿದ ದರವೇ ಬಂದರೆ ಅದು ಫ್ಲಾಟ್. ಹೇಳಿದ್ದಕ್ಕಿಂತ ಸಾಕಷ್ಟು ಕಡಿಮೆ ಬಂದರೆ ರೆಡ್ಯೂಸಿಂಗ್. ನಮ್ಮ ಉದಾಹರಣೆಯಲ್ಲಿ 3,321ರ ಕಂತಿಗೆ ಹೀಗೆ ಮಾಡಿದರೆ ಸುಮಾರು 6.5% ಬರುತ್ತದೆ, 3,778ರ ಕಂತಿಗೆ ಸರಿಯಾಗಿ 12%. ಹೇಳಿದ್ದಕ್ಕಿಂತ ಜಾಸ್ತಿ ಬಂದರೆ ಕಂತಿನೊಳಗೆ ವಿಮೆಯೋ ಶುಲ್ಕವೋ ಏನೋ ಸೇರಿದೆ, ಇಲ್ಲವೇ ಅವರು ಹೇಳಿದ ದರ ತಿಂಗಳಿನದ್ದು. ಅದನ್ನು ಬಿಡಿಸಿ ಕೇಳಿ.

ಸ್ಪ್ರೆಡ್‌ಶೀಟ್ ಬಳಸುವವರಾದರೆ ಎರಡು ಸೂತ್ರ ಸಾಕು. ಮೊದಲನೆಯದು ರೆಡ್ಯೂಸಿಂಗ್ ಕಂತು ಕೊಡುತ್ತದೆ. ಎರಡನೆಯದು ಅವರು ಹೇಳಿದ ಕಂತಿನಿಂದ ವರ್ಷದ ನಿಜವಾದ ದರ ತೆಗೆದುಕೊಡುತ್ತದೆ.

```
=PMT(12%/12, 36, -100000)
=RATE(36, -3778, 100000)*12
```

ಎರಡನೆಯದರ ಉತ್ತರವನ್ನು ಶೇಕಡಾವಾರು ರೂಪದಲ್ಲಿ ನೋಡಿ, 21.2% ಹತ್ತಿರ ಬರುತ್ತದೆ. ಕೊನೆಯ ಸಂಖ್ಯೆಯ ಜಾಗದಲ್ಲಿ ನಿಮ್ಮ ಕೈಗೆ ನಿಜವಾಗಿ ಬಂದ ಮೊತ್ತ ಹಾಕಬೇಕು. ಪ್ರೊಸೆಸಿಂಗ್ ಶುಲ್ಕ ಅಂತ 2,000 ಹಿಡಿದುಕೊಂಡೇ ಕೊಟ್ಟಿದ್ದರೆ ಅಲ್ಲಿ 98000 ಬರೆಯಿರಿ. ದರ ಇನ್ನೂ ಏರುವುದು ಕಾಣುತ್ತದೆ.

ಅವಧಿಗೆ ಮುಂಚೆಯೇ ಸಾಲ ತೀರಿಸುವ ಯೋಚನೆ ಇದ್ದರೆ ಇನ್ನೊಂದು ಮಾತು ಕೇಳಿ ಬರೆಸಿಕೊಳ್ಳಿ. 18 ಕಂತು ಕಟ್ಟಿದ ಮೇಲೆ ರೆಡ್ಯೂಸಿಂಗ್ ಸಾಲದಲ್ಲಿ ಬಾಕಿ ಸುಮಾರು 54,465. ಇದರಲ್ಲಿ ವಾದಕ್ಕೆ ಜಾಗವಿಲ್ಲ, ಮುಂಚೆ ಮುಚ್ಚುವ ಶುಲ್ಕ ಏನಾದರೂ ಇದ್ದರೆ ಅದು ಬೇರೆ. ಫ್ಲಾಟ್ ಸಾಲದಲ್ಲಿ ಬಾಕಿ ಎಷ್ಟು ಅನ್ನುವುದು ಒಪ್ಪಂದದ ಮೇಲೆ ನಿಂತಿದೆ. ಮುಂದಿನ ಬಡ್ಡಿ ಪೂರ್ತಿ ಬಿಟ್ಟರೆ 50,000. ಒಂದು ರೂಪಾಯಿಯೂ ಬಿಡದಿದ್ದರೆ 68,000, ಅಂದರೆ ಬೇಗ ತೀರಿಸಿ ನಿಮಗೆ ಏನೂ ಉಳಿಯಲಿಲ್ಲ. ಸಹಿ ಹಾಕುವ ಮೊದಲೇ, "18ನೇ ಕಂತಿನ ಮೇಲೆ ಮುಚ್ಚಿದರೆ ಎಷ್ಟು ಕಟ್ಟಬೇಕು?" ಅಂತ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಅದರ ಜೊತೆಗೆ ಮೇಲಿನ ನಾಲ್ಕು ವಿವರ ನನಗೆ ಕಳಿಸಿದರೆ, ನಿಮ್ಮ ಕಂತನ್ನೂ ಲೆಕ್ಕ ಹಾಕಿ ಕೊಡುತ್ತೇನೆ.