ಸೀರೆ ಬಣ್ಣ ಇರಲಿ, ಹೆಸರು ಮೊದಲು ಹೇಳಿ

ಮಾನ್ಯರೇ, ನಮ್ಮ ಹಳೆ ವಿದ್ಯಾರ್ಥಿಗಳ ಸಂಘದ ಸಭೆ ಈಚೆಗೆ ನಡೆಯಿತು. ಅರ್ಧ ಜನ ಹಾಲ್‌ನಲ್ಲಿ, ಇನ್ನರ್ಧ ಜನ ಫೋನ್‌ನಲ್ಲಿ. ಕಣ್ಣು ಕಾಣದ ಇಬ್ಬರು ಸದಸ್ಯರಿದ್ದಾರೆ, ಅದಕ್ಕೆ ಪರಿಚಯ ಹೇಳುವಾಗ ಪ್ರತಿಯೊಬ್ಬರೂ ನೋಡಲು ಹೇಗಿದ್ದೇವೆ ಅಂತಲೂ ಹೇಳಬೇಕು ಎಂದರು. ನಾನು ದಪ್ಪಗಿದ್ದೇನೆ, ಕೂದಲು ಬೆಳ್ಳಗಾಗಿದೆ. ಈ ವಯಸ್ಸಿನಲ್ಲಿ ಇದನ್ನೆಲ್ಲ ಮೈಕಿನಲ್ಲಿ ಹೇಳಿಕೊಳ್ಳಬೇಕೇ? ನಾಚಿಕೆಯಾಗಿ ಸೀರೆ ಬಣ್ಣ ಹೇಳಿ ಕೂತೆ. ಇದರಿಂದ ಅವರಿಗೆ ಏನು ಉಪಯೋಗ?
— ನಿವೃತ್ತ ಶಿಕ್ಷಕಿ, ವಿದ್ಯಾನಗರ, ಹುಬ್ಬಳ್ಳಿ

ಅಕ್ಕೋರೆ, ನಿಮ್ಮ ತೂಕವನ್ನು ಯಾವ ಸಭೆಯೂ ಕೇಳುವ ಹಾಗಿಲ್ಲ. ಹೇಳಬೇಕು ಅನ್ನಿಸಿದ್ದನ್ನು ಹೇಳಿ, ಬೇಡ ಅನ್ನಿಸಿದ್ದನ್ನು ಬಿಡಿ. ಸೀರೆ ಬಣ್ಣ ಹೇಳಿ ಕೂತಿರಲ್ಲ, ಅದು ಸರಿಯಾಗಿಯೇ ಇತ್ತು. ಆದರೆ ನಿಮ್ಮ ಪತ್ರ ಓದಿ ನನಗೆ ಬೇರೊಂದು ಅನುಮಾನ ಬಂತು. ಪರಿಚಯ ಮುಗಿದು ಚರ್ಚೆ ಶುರುವಾದ ಮೇಲೆ, ಮಾತಾಡುವ ಮುಂಚೆ ಹೆಸರು ಹೇಳಿದಿರಾ? ನೀವೊಬ್ಬರೇ ಅಲ್ಲ, ಯಾರಾದರೂ ಹೇಳಿದರಾ? ಹೇಳಿರಲಿಕ್ಕಿಲ್ಲ. ನನ್ನ ಹಳೆಯ ಜಗಳ ಇರುವುದೇ ಅಲ್ಲಿ.

ನನಗೆ ಗದಗದಲ್ಲಿ ಒಬ್ಬ ಗೆಳೆಯರಿದ್ದಾರೆ. ಸಂಗೀತದ ಮೇಷ್ಟ್ರು, ಹುಟ್ಟಿನಿಂದ ಕಣ್ಣಿಲ್ಲ. ಎರಡು ವರ್ಷದ ಹಿಂದೆ ಧಾರವಾಡದಲ್ಲಿ ಒಂದು ಸಮಿತಿ ಸಭೆ. ನಾವು 9 ಜನ ಕೋಣೆಯಲ್ಲಿ, ಮೇಷ್ಟ್ರೂ ಸೇರಿ 5 ಜನ ಫೋನ್‌ನಲ್ಲೋ ಕಂಪ್ಯೂಟರಿನಲ್ಲೋ. ಯಾರೋ ಉತ್ಸಾಹಿಗಳು ನಿಮ್ಮ ಸಭೆಯಂತೆಯೇ ಎಲ್ಲರ ವರ್ಣನೆ ಮಾಡಿಸಿದರು. ಒಬ್ಬೊಬ್ಬರು ಮುಕ್ಕಾಲು ನಿಮಿಷ ತೆಗೆದುಕೊಂಡರು. 14 ಜನಕ್ಕೆ ಹತ್ತೂವರೆ ನಿಮಿಷ ಹೋಯಿತು. ಒಬ್ಬರು ತಮ್ಮ ಜುಬ್ಬಾದ ಕಸೂತಿ ಬಗ್ಗೆ, ಅದು ಯಾರು ಕೊಟ್ಟಿದ್ದು ಅನ್ನೋದರ ಬಗ್ಗೆಯೂ ಹೇಳಿದರು. ಆಮೇಲೆ ಲೆಕ್ಕಪತ್ರದ ಮಾತು ಬಂತು. ಆ ಹೊತ್ತಿಗೆ ಒಬ್ಬರೂ ಹೆಸರು ಹೇಳಲಿಲ್ಲ. ಖಜಾಂಚಿ ಕೇಳಿದ ಪ್ರಶ್ನೆಗೆ ಮೇಷ್ಟ್ರು ಕಾರ್ಯದರ್ಶಿಯನ್ನು ಉದ್ದೇಶಿಸಿ ಖಡಕ್ಕಾಗಿ ಉತ್ತರ ಕೊಟ್ಟರು. ಕಾರ್ಯದರ್ಶಿಗೆ ಸಿಟ್ಟು ಬಂತು. ತಪ್ಪು ಯಾರದು?

ಒಂದೇ ಕೋಣೆಯಲ್ಲಿ ಕೂತಾಗ ಕಣ್ಣಿಲ್ಲದವರು ದನಿಯಿಂದಲೂ, ದನಿ ಬರುವ ದಿಕ್ಕಿನಿಂದಲೂ ಜನರನ್ನು ಗುರುತಿಸುತ್ತಾರೆ. ಎಡಗಡೆ ಕಿಟಕಿ ಹತ್ತಿರದಿಂದ ಬಂದರೆ ಇವರು, ಬಾಗಿಲ ಕಡೆಯಿಂದ ಬಂದರೆ ಅವರು. ಫೋನ್‌ನಲ್ಲಿ ಆ ದಿಕ್ಕು ಹೋಗಿಬಿಡುತ್ತದೆ. ಮೇಜಿನ ಮಧ್ಯೆ ಇಟ್ಟ ಒಂದೇ ಮೈಕಿನಿಂದ ಒಂಬತ್ತೂ ಜನರ ದನಿ ಒಂದೇ ತೂತಿನಿಂದ ಬಂದ ಹಾಗೆ ಬರುತ್ತದೆ. ಮಾಮೂಲಿ ಫೋನ್ ಲೈನು ದನಿಯ ಮೇಲಿನ ತುದಿಯನ್ನೂ ಕೆಳಗಿನ ತುದಿಯನ್ನೂ ಕತ್ತರಿಸಿ, ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಭಾಗವನ್ನಷ್ಟೇ ಕಳಿಸುತ್ತದೆ. ಹಾಗಾಗಿ ಒಂದೇ ವಯಸ್ಸಿನ ಇಬ್ಬರು ಗಂಡಸರ ದನಿ ಎಷ್ಟೋ ಸಲ ಒಂದೇ ಥರ ಕೇಳುತ್ತದೆ. ಝೂಮ್‌ನಲ್ಲಿ ದನಿ ಸ್ವಲ್ಪ ವಾಸಿ, ಆದರೆ ಮಾತಾಡುವವರ ಚೌಕಕ್ಕೆ ಬಣ್ಣದ ಗೆರೆ ಬರುತ್ತದಲ್ಲ, ಅದನ್ನು ನೋಡಬೇಕು. ಕೋಣೆಯ 9 ಜನಕ್ಕಂತೂ ಸೇರಿ ಒಂದೇ ಚೌಕ. ಅಲ್ಲಿ ಕಣ್ಣಿದ್ದವರಿಗೂ ಅದರಿಂದ ಪ್ರಯೋಜನವಿಲ್ಲ.

ಮೇಷ್ಟ್ರ ಕಷ್ಟ ಅಷ್ಟಕ್ಕೇ ಮುಗಿಯಲಿಲ್ಲ. ಸಭೆ ನಡೆಯುವಾಗ ಕೆಲವರು ಚಾಟ್‌ನಲ್ಲಿ ನಮಸ್ಕಾರದ ಕೈ, ಹೂವಿನ ಚಿತ್ರ ಕಳಿಸುತ್ತಿದ್ದರು. ಮೇಷ್ಟ್ರು ಕಂಪ್ಯೂಟರಿನಲ್ಲಿ ಎನ್‌ವಿಡಿಎ ಬಳಸುತ್ತಾರೆ. ಪರದೆ ಮೇಲಿರುವುದನ್ನು ಓದಿ ಹೇಳುವ ಉಚಿತ ತಂತ್ರಾಂಶ ಅದು, ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರು ಶುರು ಮಾಡಿದ್ದು. ಬಂದ ಪ್ರತಿ ಸಂದೇಶವನ್ನೂ ಅದು ಅದೇ ಕಿವಿಯಲ್ಲಿ, ಖಜಾಂಚಿಯ ಲೆಕ್ಕದ ಮೇಲೆಯೇ ಓದುತ್ತಿತ್ತು. “ರೊಕ್ಕದ ಮಾತು ಬಂದಾಗೆಲ್ಲ ಹೂವು ಬಂತು ನೋಡ್ರಿ” ಅಂದರು ಆಮೇಲೆ.

ಹಾಗಾದರೆ ವರ್ಣನೆ ವ್ಯರ್ಥವೇ? ಪೂರ್ತಿ ಹಾಗೆ ಹೇಳಲಾರೆ. ದೃಷ್ಟಿದೋಷ ಇರುವ ಎಲ್ಲರಿಗೂ ಪೂರ್ತಿ ಕತ್ತಲೆಯಲ್ಲ. ಹಲವರಿಗೆ ಮಸುಕಾಗಿ ಬಣ್ಣ, ಆಕಾರ ಕಾಣುತ್ತದೆ. ಅಂಥವರು ಅದೇ ಹಾಲ್‌ನಲ್ಲಿ ಕೂತಿದ್ದರೆ, “ಹಳದಿ ಸೀರೆ, ಎರಡನೇ ಸಾಲು” ಅಂದಾಗ ಆ ಹಳದಿ ಮಚ್ಚೆಯೇ ನೀವು ಅಂತ ಹಿಡಿಯುತ್ತಾರೆ. ಊಟದ ಹೊತ್ತಿಗೆ ಹುಡುಕಿಕೊಂಡು ಬಂದು ಮಾತಾಡಿಸುತ್ತಾರೆ. ಆದ್ದರಿಂದ ನಿಮ್ಮ ಸೀರೆ ಬಣ್ಣ ಹಾಲ್‌ನಲ್ಲಿ ಕೆಲಸಕ್ಕೆ ಬಂದಿರಬಹುದು, ಫೋನ್‌ನಲ್ಲಿದ್ದವರಿಗೆ ಜಾಸ್ತಿ ಏನೂ ಅಲ್ಲ. 2022ರ ಜುಲೈನಲ್ಲಿ ಅಮೆರಿಕದ ಅಂದಿನ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅಂಗವಿಕಲ ಮುಖಂಡರ ಸಭೆಯಲ್ಲಿ ತಾವು ನೀಲಿ ಸೂಟು ತೊಟ್ಟು ಕೂತಿರುವುದಾಗಿ ಹೇಳಿದಾಗ ಎಷ್ಟು ಜನ ಗೇಲಿ ಮಾಡಿದರು! ಕಣ್ಣಿದ್ದವರ ಗೇಲಿ ಬಿಡಿ. ಅಂಧರಲ್ಲೇ ಈ ಬಗ್ಗೆ ಒಮ್ಮತವಿಲ್ಲ. ಕೆಲವರಿಗೆ ಇಷ್ಟ, ಕೆಲವರಿಗೆ ಟೈಮ್ ವೇಸ್ಟ್. ಸಭೆ ಕರೆಯುವವರು ಮೊದಲೇ ಆ ಇಬ್ಬರು ಸದಸ್ಯರಿಗೆ ಒಂದು ಫೋನ್ ಮಾಡಿ ಕೇಳಿದ್ದರೆ ನಿಮ್ಮ ಪತ್ರವೇ ಬರುತ್ತಿರಲಿಲ್ಲ. ನಾವು ಕೇಳುವುದಿಲ್ಲ, ಏರ್ಪಾಟು ಮಾತ್ರ ಮಾಡುತ್ತೇವೆ.

ಮುಂದಿನ ಸಭೆಗೆ ಮೇಷ್ಟ್ರನ್ನೇ ಕೇಳಿ ನಾವು ಕ್ರಮ ಬದಲಾಯಿಸಿದೆವು. ಪರಿಚಯಕ್ಕೆ 12 ಸೆಕೆಂಡು, ಅಷ್ಟೇ. ಹೆಸರು, ಕೆಲಸ, ಎಲ್ಲಿ ಕೂತಿದ್ದೇವೆ, ಬೇಕಾದರೆ ನೋಟದ ಒಂದೋ ಎರಡೋ ಗುರುತು. ನನ್ನದು ಹೀಗಿತ್ತು: ಹೆಸರು ಹೇಳಿ, “ಪತ್ರಿಕೆ ನಡೆಸುತ್ತೇನೆ, ಕೋಣೆಯಲ್ಲಿ ಬಾಗಿಲ ಪಕ್ಕ ಕೂತಿದ್ದೇನೆ, ಬಿಳಿ ಗಡ್ಡ, ದಪ್ಪ ಕನ್ನಡಕ.” 14 ಜನಕ್ಕೆ ಮೂರು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಪ್ರತಿ ಸಲ ಬಾಯಿ ತೆರೆದಾಗಲೂ ಹೆಸರು ಮೊದಲು, ಮಾತು ಆಮೇಲೆ. ಮರೆತವರನ್ನು ಅಧ್ಯಕ್ಷರು ತಡೆದು ಕೇಳಬೇಕು. ಯಾರಾದರೂ ಎದ್ದು ಹೋದರೆ, ತಡವಾಗಿ ಬಂದರೆ, ಅದನ್ನೂ ಅಧ್ಯಕ್ಷರೇ ಹೇಳಬೇಕು. ಮೊದಲ ಹತ್ತು ನಿಮಿಷ ಎಲ್ಲರೂ ಮರೆಯುತ್ತಾರೆ, ನಗುತ್ತಾರೆ, ಆಮೇಲೆ ರೂಢಿಯಾಗುತ್ತದೆ.

ಆದರೆ ನಮ್ಮ ಕಡೆ ಹೆಸರು ಹೇಳುವುದೆಂದರೆ ಅದೇನು ಸಂಕೋಚವೋ! ಫೋನ್ ಎತ್ತಿದರೆ “ನಾನ್ರೀ.” ಯಾವ ನಾನು? “ಗೊತ್ತಾಗ್ಲಿಲ್ಲೇನ್ರೀ?” ಅಂತ ಮೇಲೆ ಮುನಿಸು ಬೇರೆ. ಕಣ್ಣಿಲ್ಲದವರು ಸಿಕ್ಕರಂತೂ ಭುಜ ಹಿಡಿದು, “ನಾ ಯಾರಂತ ಹೇಳ್ರಿ ನೋಡೂಣು?” ಇದು ಪ್ರೀತಿಯ ಆಟ ಅಂತ ಆಡುವವರು ತಿಳಿದಿರುತ್ತಾರೆ. ಮದುವೆ ಮನೆಯಲ್ಲಿ ನಾಲ್ಕು ಸಲ ಈ ಪರೀಕ್ಷೆಗೆ ಕೂತ ಮೇಲೆ ಮೇಷ್ಟ್ರು ಊಟ ಬಿಟ್ಟು ಬಂದದ್ದು ನನಗೆ ಗೊತ್ತು. ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಬಾಳಿದ ಸೀಮೆ ಇದು. ಇಬ್ಬರೂ ಅಂಧರೇ. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳು ಹಾಡು ಕಲಿತರು. ಆ ಗವಾಯಿಗಳ ಫೋಟೊ ನಮ್ಮ ಎಷ್ಟೋ ಅಂಗಡಿಗಳಲ್ಲಿದೆ. ವೇದಿಕೆಯಲ್ಲಿ ಮಾತ್ರ ಇವತ್ತಿಗೂ “ಇಲ್ಲಿ ಕಾಣುವ ಹಾಗೆ” ಅಂತ ಪರದೆಗೆ ಕೋಲು ತೋರಿಸುತ್ತೇವೆ. ಹಾರ ಹಾಕುವಾಗ ಐದು ನಿಮಿಷ ಮೌನ. ಯಾರು ಯಾರಿಗೆ ಹಾಕಿದರೋ, ಕೇಳುವವರಿಗೆ ಚಪ್ಪಾಳೆ ಮಾತ್ರ.

ಇಷ್ಟೆಲ್ಲ ಹೇಳಿ ನಾನೇ ಸೋತ ಒಂದು ಸಂಗತಿ ಬಚ್ಚಿಡಬಾರದು. ಆ ಎರಡನೇ ಸಭೆಯಲ್ಲಿ ನನ್ನ 12 ಸೆಕೆಂಡು ಮುಗಿದ ಕೂಡಲೇ ಆ ಕಡೆಯಿಂದ ಮೇಷ್ಟ್ರ ದನಿ ಬಂತು. ಹೆಸರು ಹೇಳಿಯೇ ಶುರು ಮಾಡಿದರು, ಆಮೇಲೆ ಕೇಳಿದರು:

“ಗಡ್ಡ ಯಾವಾಗ ಬಿಟ್ರಿ?”

“ಹನ್ನೊಂದು ವರ್ಷ ಆತಲ್ರೀ.”

“ಹನ್ನೊಂದು ವರ್ಷ? ನನಗ ಯಾರೂ ಹೇಳೇ ಇಲ್ಲಲ್ರೀ!”