ನೆಂಟರಿಗೆ ಸಂಬಳ ಹೇಳದಿರುವುದು ಹೇಗೆ

"ಮದುವೆ ಯಾವಾಗ, ಸಂಬಳ ಎಷ್ಟು, ಆ ಕೆಲಸದಲ್ಲೇ ಯಾಕಿದ್ದೀಯ ಅಂತ ಸಿಕ್ಕಾಗಲೆಲ್ಲ ಕೇಳುವ ನೆಂಟರ ಬಾಯಿ ಮುಚ್ಚಿಸೋಕೆ ಏನು ಹೇಳಬೇಕು?"

ಅಂಥ ಮಾತನ್ನು ಹುಡುಕುವುದನ್ನೇ ಬಿಡಿ. ಅವರ ಬಾಯಿ ನಿಮ್ಮ ಕೈಯಲ್ಲಿಲ್ಲ. ಕೇಳಿದ ಮೇಲೆ ನೀವೇನು ಮಾಡುತ್ತೀರಿ ಅನ್ನುವುದಷ್ಟೇ ನಿಮ್ಮದು. ನನಗೂ ಈ ಪ್ರಶ್ನೆಗಳು ಹೊಸವಲ್ಲ, ಆದ್ದರಿಂದ ನೇರವಾಗಿ ಹೇಳುತ್ತೇನೆ: ಎಲ್ಲ ಕೆಡುವುದು ನಾವು ಕಾರಣ ಕೊಡುವುದರಿಂದ.

"ಕಂಪನಿ ಪರಿಸ್ಥಿತಿ ಸರಿಯಿಲ್ಲ ಮಾವ" ಅಂದರೆ, "ನಮ್ಮ ಹುಡುಗನಿಗೆ ಬೇರೆ ಕಡೆ ಸಿಗಲಿಲ್ವಾ?" ಅನ್ನುತ್ತಾರೆ. "ಇನ್ನೆರಡು ವರ್ಷ ಆಗಲಿ" ಅಂದರೆ ಮದುವೆಗೆ ನೀವೇ ಗಡುವು ಕೊಟ್ಟ ಹಾಗೆ, ಎರಡು ವರ್ಷ ತುಂಬುತ್ತಲೇ ಕೇಳುತ್ತಾರೆ. ಸಂಬಳ ಹೆಚ್ಚು ಮಾಡಿ ಹೇಳಿದರೆ ಸಾಲ ಕೇಳುತ್ತಾರೆ, ಕಡಿಮೆ ಹೇಳಿದರೆ ಉಪದೇಶ ಶುರು. ಕಾರಣ ಹೇಳಿದಿರೋ, ಅದು ಸರಿಯೋ ತಪ್ಪೋ ಅಂತ ತೀರ್ಮಾನಿಸುವ ಹಕ್ಕನ್ನೂ ಅವರಿಗೆ ಕೊಟ್ಟಿರಿ.

ಸಂಬಳದ ಪ್ರಶ್ನೆಯನ್ನೇ ತೆಗೆದುಕೊಳ್ಳಿ. "ಸಂಬಳದ ವಿಷಯ ನಾನು ಯಾರ ಹತ್ರಾನೂ ಮಾತಾಡಲ್ಲ ಮಾವ. ನಿಮ್ಮ ಮಂಡಿನೋವು ಹೇಗಿದೆ ಈಗ?" ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ, ನಡುವೆ ಬಿಡುವು ಕೊಟ್ಟರೆ ಅಲ್ಲಿ ಮುಂದಿನ ಪ್ರಶ್ನೆ ತೂರಿಕೊಳ್ಳುತ್ತದೆ. ಮತ್ತೆ ಕೇಳಿದರೆ ಅದೇ ವಾಕ್ಯ, ಅದೇ ದನಿ. ಮಾತು ಬದಲಾದರೆ ನೀವು ಸಡಿಲವಾಗುತ್ತಿದ್ದೀರಿ ಅನ್ನಿಸುತ್ತದೆ. "ನಮಗೂ ಹೇಳಬಾರದಷ್ಟು ದೊಡ್ಡವನಾದೆಯಾ?" ಅಂದಾಗಲೇ ಬಹಳ ಜನ ಸೋಲುವುದು. ಅದು ಸಂಬಳದ ಪ್ರಶ್ನೆಯೇ, ಅದಕ್ಕೂ ಅದೇ ಉತ್ತರ. ಮೂರನೇ ಸಲಕ್ಕೆ "ನೀರು ಕುಡಿದು ಬರ್ತೀನಿ" ಅಂತ ಎದ್ದುಬಿಡಿ. ಹತ್ತು ನಿಮಿಷ ಬಿಟ್ಟು ಬಂದು ಅವರ ಪಕ್ಕದಲ್ಲೇ ಕೂತು ಬೇರೇನಾದರೂ ಮಾತಾಡಿ. ಈ ವಾಪಸು ಬರುವುದನ್ನು ಬಿಡಬೇಡಿ. ಇಲ್ಲದಿದ್ದರೆ ನಿಮ್ಮ ನಿಲುವನ್ನು ಮುನಿಸು ಅಂತ ಎಲ್ಲರಿಗೂ ಹೇಳುತ್ತಾರೆ.

ಮೊದಮೊದಲು ಕೇಳುವುದು ಜಾಸ್ತಿಯಾಗುತ್ತದೆ: ನಾಲ್ಕು ಜನರೆದುರು ಕೇಳುತ್ತಾರೆ, ಇನ್ನೊಬ್ಬರಿಂದ ಕೇಳಿಸುತ್ತಾರೆ. ಹಳೇ ದಾರಿ ಮುಚ್ಚಿದೆ ಅಂತ ಅವರಿಗೆ ಗೊತ್ತಾಗುತ್ತಿರುವ ಲಕ್ಷಣ ಅದು. ನಾಲ್ಕು ಸಲ ತಡೆದು ಐದನೇ ಸಲ ಹೇಳಿಬಿಟ್ಟರೆ, ಐದು ಸಲ ಕೇಳಿದರೆ ಸಿಗುತ್ತದೆ ಅಂತ ನೀವೇ ಕಲಿಸಿದಂತೆ. ಅದಕ್ಕೇ ಮೂರೂ ವಿಷಯಕ್ಕೆ ಒಟ್ಟಿಗೆ ಬೇಲಿ ಹಾಕಬೇಡಿ, ಗಟ್ಟಿಯಾಗಿ ಹಿಡಿಯಬಲ್ಲ ಒಂದರಿಂದ ಶುರು ಮಾಡಿ.

ಇಷ್ಟೆಲ್ಲ ಮಾಡಿಯೂ ಮಾವನಿಗೆ ಸರಿಯಾದ ಅಂಕಿ ಗೊತ್ತಿದ್ದರೆ, ಸೋರಿದ್ದು ಮನೆಯಿಂದಲೇ. ಅಮ್ಮನಿಗೆ ಮೊದಲೇ ಹೇಳಿಡಿ: "ಯಾರು ಕೇಳಿದರೂ 'ಅವನನ್ನೇ ಕೇಳಿ' ಅನ್ನಮ್ಮ, ಸಾಕು." ಅವರಿಗೆ ನೆಂಟರ ಮುಂದೆ ಸುಳ್ಳು ಹೇಳುವ ಕಷ್ಟವೂ ತಪ್ಪುತ್ತದೆ.

ಒಂದು ಕಡೆ ಮಾತ್ರ ಈ ಕ್ರಮ ನಡೆಯುವುದಿಲ್ಲ. ನಿಮ್ಮ ಫೀಸು ಕಟ್ಟಿದವರು, ಸಾಲಕ್ಕೆ ಜಾಮೀನು ನಿಂತವರು ಆ ಹಣದ ಬಗ್ಗೆ ಕೇಳಿದರೆ ಉತ್ತರ ಕೊಡಲೇಬೇಕು. ಯಾವ ತಿಂಗಳು ಎಷ್ಟು ತೀರಿಸುತ್ತೀರಿ ಅಂತ ಅವರು ಕೇಳುವ ಮೊದಲೇ ಹೇಳಿ. ಮದುವೆಯ ಮಾತು ಆ ಲೆಕ್ಕದಲ್ಲಿ ಸೇರುವುದಿಲ್ಲ.